ಸಾತವ್ವನ ಶಾಪ

ನನಗ ಸಿಟ್ಟು ಜಾಸ್ತಿ. ಇದನ್ನ ಮೊದಲ ಹೇಳಿಬಿಟ್ಟರ ಮುಂದಿಂದು ತಿಳಿಯಾಕ ಹಗುರ ಆಕ್ಕೈತಿ. ಕೌಜಲಗಿ ದಾಟಿ ಒಳಗ ಹೋದರ ಒಂದ ಸಣ್ಣ ಊರು, ಅಲ್ಲಿ ಸರಕಾರಿ ಸಾಲ್ಯಾಗ ಹದಿನಾಲ್ಕ ವರ್ಷದಿಂದ ಕನ್ನಡ ಕಲಸಾಕತ್ತೇನಿ. ವರ್ಷಾ ಜನವರಿಯೊಳಗ ಗ್ಯಾದರಿಂಗ ಆಕ್ಕೈತಿ, ಅದರಾಗಿನ ನಾಟಕ ನಂದ. ಸೋಮಶೇಖರ ಸರ್ ನಾಟಕ ಅಂದ್ರ ನಾಟಕ ಅಂತ ನಾಕ ಮಂದಿ ಅಂದದ್ದು ನನ್ನ ತಲಿಗೆ ಏರಿತ್ತು. ಅದು ಹೆಂಗ ಇಳೀತು ಅನ್ನೂದನ್ನ ಹೇಳ್ತೀನಿ, ಖರೆ ಇದು ನನ್ನ ಕಥಿ ಅಲ್ಲ, ನಮ್ಮ ಸಾಲಿ ಬಿಸಿಯೂಟದ ಅಡಗಿ ಮಾಡೋ ಸಾತವ್ವನ ಕಥಿ.

ಸಾತವ್ವಗ ಐವತ್ತರ ಆಜೂಬಾಜೂ ವಯಸ್ಸು. ಬಲಗಾಲ ಎಳಕೊಂಡು ನಡೀತಾಳ. ಹೆಜ್ಜಿಗೊಮ್ಮೆ ಮೈಯೆಲ್ಲಾ ಬಲಕ್ಕ ವಾಲತೈತಿ. ಹಂಗ ವಾಲಕೋತ ನೂರಾ ಮೂವತ್ತ ಹುಡುಗೂರಿಗೆ ಅನ್ನ, ಸಾರು ಬಡಸ್ತಾಳ, ಒಂದ ಹನಿ ಚೆಲ್ಲಂಗಿಲ್ಲ. ನಾನು ಅಷ್ಟ ವರ್ಷ ಅಕಿ ಕೈ ಊಟ ಉಂಡರೂ ಅಕಿ ಕಾಲಿಗೆ ಏನಾಗೇತಿ ಅಂತ ಒಂದ ದಿನ ಕೇಳಿರಲಿಲ್ಲ. ಕುಂಟ ಸಾತವ್ವ ಅನ್ನೂದು ಊರಾಗ ಅಡ್ಡೆಸರು ಇದ್ದಂಗ ಇತ್ತು.

ಆ ವರ್ಷದ ನಾಟಕದಾಗ ಒಬ್ಬ ಕುಂಟ ಮುದುಕ ಇದ್ದ. ಕೋಳಿ ಬೆನ್ನ ಹತ್ತಿ ಓಡಾವಾ, ಬೀಳಾವಾ, ಮಂದೀನ ನಗಸಾವಾ. ಆ ಪಾತ್ರಕ್ಕ ಮೂರನೇತ್ತೆ ಕಾಶಿನಾಥನ್ನ ಹಿಡದೆ. ಎಂಟ ವರ್ಷದ ಹುಡುಗ, ಬೀಜಾ ಗೊಬ್ಬರದ ಅಂಗಡಿ ರಾವಸಾಹೇಬನ ಮಗಾ, ಬಾಯಿ ಭಾಳ ಚುರುಕು. ನಾನ ಅವಗ ಹೇಳಿದೆ, ನಮ್ಮ ಸಾತವ್ವನ್ನ ನೋಡು, ಹೆಂಗ ನಡೀತಾಳ, ಹಂಗ ನಡಿ ಅಂತ. ಈ ಮಾತು ಈ ಬಾಯಿಂದನ ಬಂದದ್ದು, ಯಾರ ಮ್ಯಾಲೂ ಹಾಕಾಕ ಬರಂಗಿಲ್ಲ.

ಹುಡುಗ ಎರಡ ದಿನದಾಗ ಕಲತ ಬಿಟ್ಟ. ಏನ್ ನಡಿಗಿ ಅಂತೀರಿ! ಮುಂಜಾನೆ ತಾಲೀಮಿಗೆ ಅಷ್ಟ ಚಂದ ಬರತಿರಲಿಲ್ಲ, ಸಂಜಿ ತಾಲೀಮಿಗೆ ಓಡ್ಯಾಡಿ ದಣದ ಮ್ಯಾಲ ಭಾಳ ಚಂದ ಬರತಿತ್ತು. ಹೊತ್ತ ಹೋದಂಗ ಪಾತ್ರದಾಗ ಇಳೀತಾನ ಅಂತ ನಾ ಸ್ಟಾಫ್ ರೂಮಿನ್ಯಾಗ ಹೆಮ್ಮಿಲೆ ಹೇಳಿದೆ. ತಾಲೀಮು ಮುಗದ ಮ್ಯಾಲೂ ಹಂಗ ಕುಂಟಕೋತ ಮನಿಗೆ ಹೋಗಾವ. ಖರೆ ನಟ ಅಂದ್ರ ಹಿಂಗಿರಬೇಕು ಅಂತ ಉಳದ ಹುಡುಗೂರಿಗೆ ಬೈದೆ.

ಗ್ಯಾದರಿಂಗದ ದಿನ ಅಂವ ಸ್ಟೇಜ್ ಮ್ಯಾಲ ನಾಕ ಹೆಜ್ಜಿ ಹಾಕಿದ್ದ ತಡ, ಮಂದಿ ಬಿದ್ದ ಬಿದ್ದ ನಕ್ಕರು. ಸಾತವ್ವ, ಸಾತವ್ವ ಅಂತ ಹಿಂದಿನ ಸಾಲಿಂದ ಯಾರೋ ಕೂಗಿದರು. ಸಾತವ್ವ ಒಂದ ಬಾಜೂ ಭಾಂಡೆದ ಹಂತ್ಯಾಕ ಕುಂತಿದ್ಳು. ಅಕಿ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಕುತ್ತಿಗಿ ಮುಂದ ಚಾಚಿ ಹುಡುಗನ ಕಾಲನ್ನಷ್ಟ ನೋಡಾಕತ್ತಿದ್ಳು. ಕಾಶಿನಾಥಗ ಬಹುಮಾನ ಅಂತ ಸ್ಟೀಲಿನ ತಾಟ ಕೊಟ್ಟಿವಿ, ನಡುವ "ಉತ್ತಮ ನಟ" ಅಂತ ಕೆತ್ತಿಸಿದ್ದೆ.

ಮೂರ ದಿನ ಆದ ಮ್ಯಾಲ ಮಧ್ಯಾಹ್ನದಾಗ ಸಾತವ್ವ ಸ್ಟಾಫ್ ರೂಮಿನ ಬಾಗಲಕ ಬಂದ ನಿಂತ್ಳು. ಬಂತಪಾ ಫಿರ್ಯಾದಿ ಅಂದಕೊಂಡೆ. ತಪ್ಪ ನಂದ ಅಂತ ಒಳಗ ಗೊತ್ತಿತ್ತು, ಅದಕ್ಕ ಇನ್ನೂ ಸಿಟ್ಟ ಬಂತು. ಅಕಿ ಬಾಯಿ ತಗಿಯೂದರಾಗ ನಾನ ಶುರು ಮಾಡಿದೆ, ನಾಟಕ ಅಂದ್ರ ನಾಟಕ, ಯಾರ ಮನಸ ನೋಯಿಸಾಕ ಮಾಡಿದ್ದಲ್ಲ, ಅಷ್ಟ ಅನಸಿದ್ರ ಮಾಫ್ ಮಾಡು ಅಂತ. ಅದೂ ಮಾಫಿ ಕೇಳಿದಂಗ ಇರಲಿಲ್ಲ, ಬೈದಂಗ ಇತ್ತು.

ಅಕಿ ಎಲ್ಲಾ ಕೇಳಿಸಿಕೊಂಡ್ಳು. ಆಮ್ಯಾಲ ಸೆರಗಿಗೆ ಕೈ ಒರಿಸಿಕೊಂಡು ಹೇಳಿದ್ಳು.

"ಅದ ನನ್ನ ನಡಿಗಿ ಅಲ್ರಿ ಸರ್. ನಂದು ಬಲಗಾಲ. ಹುಡುಗ ಎಳಿಯೂದು ಎಡಗಾಲ. ಅಣಕ ಮಾಡಾವಾ ಕಾಲ ಯಾಕ ಬದಲ ಮಾಡ್ತಾನ?"

ಹದಿನೈದ ದಿನ ತಾಲೀಮು ಮಾಡಿಸಿದಾವ ನಾನು, ಯಾವ ಕಾಲ ಅಂತ ನಾನ ನೋಡಿರಲಿಲ್ಲ.

ಬರ್ರಿ ಅಂತ ಕರಕೊಂಡು ಹೋದ್ಳು. ಹುಡುಗೂರು ಊಟಕ್ಕ ಪಂಕ್ತಿ ಕುಂತಿದ್ದರು. ಬಡಿಸಾಕಿಗೆ ಮ್ಯಾಲಿಂದ ಎಲ್ಲಾರ ಮೊಣಕಾಲ ಕಾಣತಾವಂತ, ಅದನ್ನ ನನಗ ತೋರಿಸಿದ್ಳು. ಚಕ್ಕಲಬಕ್ಕಲ ಹಾಕ್ಕೊಂಡು ಕುಂತ ಹುಡುಗೂರ ಎರಡೂ ಮೊಣಕಾಲ ನೆಲದ ಕಡೆ ಬಿದ್ದಿದ್ದವು. ಕಾಶಿನಾಥನ ಬಲಗಡೆಂದು ಬಿದ್ದಿತ್ತು, ಎಡಗಡೆಂದು ಗೇಣ ಮ್ಯಾಲ ನಿಂತಿತ್ತು. ಅದನ್ನ ಕೈಲೆ ಒತ್ತಿ ಹಿಡಕೊಂಡು, ಇನ್ನೊಂದ ಕೈಲೆ ಉಣ್ಣಾಕತ್ತಿದ್ದ. ಸಾತವ್ವ ಹೇಳಿದ್ಳು, ದೀಪಾವಳಿ ಸೂಟಿ ಮುಗಿಸಿ ಬಂದಾಗಿಂದ ಇದು ಹಿಂಗ ಐತಿ, ನಿಮ್ಮ ನಾಟಕ ಶುರು ಆಗೂದಕ್ಕ ಮೊದಲಿಂದ. ಹುಡುಗಗ ಕೇಳಿದರ ಮೊಣಕಾಲ ನೋಯತೈತಿ ಅಂತಾನ, ಬಿದ್ದದ್ದಿಲ್ಲ, ಪೆಟ್ಟ ಹತ್ತಿದ್ದಿಲ್ಲ.

ಆಗ ನನಗ ತಿಳೀತು. ಹುಡುಗ ಕುಂಟೂದನ್ನ ನಾ ಕಲಿಸಿರಲಿಲ್ಲ. ಕುಂಟಾಕತ್ತಿದ್ದ ಹುಡುಗನ್ನ ಹಿಡದು ಚಪ್ಪಾಳಿ ಹೊಡಿಸಿದ್ದೆ. ಸಂಜಿಕ ಚಂದ ಬರತಿತ್ತಲ್ಲ, ಅದು ಪಾತ್ರಲ್ಲ, ನೋವು. ಆ ಹೊತ್ತಿನ್ಯಾಗ ನನ್ನ ಮಾರಿ ನಾನ ಹೊಡಕೋಬೇಕು ಅನಿಸಿತ್ತು.

ನಿನಗ ಇಷ್ಟ ಹೆಂಗ ತಿಳೀತೈತಿ ಅಂತ ಕೇಳಿದೆ. ಅಡಗಿ ಕ್ವಾಣಿ ಹಿಂದ ಕಟ್ಟಿ ಮ್ಯಾಲ ಕುಂತು ಹೇಳಿದ್ಳು. ಅಕಿಗೂ ಎಂಟ ವರ್ಷ ಇದ್ದಾಗ ಹಿಂಗ ಆತು. ಮೊಣಕಾಲ ನೋವು ಅಂದ್ಳು, ಅಕಿ ಅವ್ವ ಮೊಣಕಾಲಿಗೆ ಎಣ್ಣಿ ಹಚ್ಚಿ ತಿಕ್ಕಿದ್ಳು. ಕಬ್ಬಿನ ಹೊಲಕ್ಕ ಹೋಗೂದ ತಪ್ಪಲಿಲ್ಲ. ಎರಡ ವರ್ಷದಾಗ ನೋವು ತಾನ ಕಡಿಮಿ ಆತು, ಎಲ್ಲಾರೂ ಆರಾಮಾತು ಅಂದರು, ಕಾಲ ಮಾತ್ರ ಗಿಡ್ಡ ಆಗಿ ಉಳೀತು. ನಲವತ್ತಕ್ಕ ಬಂದಾಗ ನಡಿಯಾಕ ಆಗದ ಗೋಕಾಕಕ್ಕ ಹೋದರ ಅಲ್ಲಿ ಡಾಕ್ಟರಬಾಯಿ ಸೊಂಟದ ಎಕ್ಸರೇ ಫೋಟೋ ತಗಸಿದ್ಳು. ಸಣ್ಣಾಕಿ ಇದ್ದಾಗ ಸೊಂಟದ ಕೀಲಿನಾಗಿನ ಗುಂಡು ಚಪ್ಪಟಿ ಆಗಿ ಹಂಗ ಗಟ್ಟಿ ಆಗೇತಿ, ಆವಾಗ ಯಾರರ ನೋಡಿದ್ದರ ಇಷ್ಟ ಕೆಡತಿರಲಿಲ್ಲ ಅಂತ ಹೇಳಿದ್ಳಂತ. ಆ ಫೋಟೋ ಸಾತವ್ವ ಹತ್ತ ವರ್ಷದಿಂದ ಟ್ರಂಕಿನ್ಯಾಗ ಸೀರಿ ನಡುವ ಇಟ್ಟಾಳ.

ನಾ ಅವತ್ತ ಸಂಜಿಕ ರಾವಸಾಹೇಬನ ಅಂಗಡಿಗೆ ಹೋದೆ. ಅಂವ ಕೆಟ್ಟ ಮನಶ್ಯಾ ಅಲ್ಲ. ಡಿಸೆಂಬರಿನ್ಯಾಗನ ಪ್ಯಾಟಿಗೆ ಕರಕೊಂಡ ಹೋಗಿ ಮೊಣಕಾಲಿನ ಫೋಟೋ ತಗಸಿದ್ದ. ಮೊಣಕಾಲ ಸ್ವಚ್ಛ ಐತಿ, ಬೆಳಿಯೋ ಹುಡುಗೂರಿಗೆ ಹಿಂಗ ಆಕ್ಕೈತಿ ಅಂತ ಟಾನಿಕ್ ಬರದ ಕೊಟ್ಟಿದ್ದರು. ಆ ಫೋಟೋ ನನ್ನ ಮುಂದ ಹಿಡದು, ಏನ್ ಐತ್ರಿ ಇದರಾಗ ಅಂದ. ಮೊಣಕಾಲ ಅಲ್ಲೋ, ಸೊಂಟಾ ನೋಡಬೇಕು ಅಂದೆ. ಯಾರ ಹೇಳಿದರು ಅಂದ. ಸಾತವ್ವ ಅಂದೆ. ಅಂವ ನಕ್ಕ. ಅಡಗಿ ಮಾಡಾಕಿ ಈಗ ಡಾಕ್ಟರಕಿ ಮಾಡಾಕತ್ತಾಳ ಏನ್ರಿ, ನಿಮ್ಮ ನಾಟಕದ ಹುಚ್ಚ ಅವಗ ಹತ್ತೇತಿ, ತಾನ ಇಳೀತೈತಿ ಬಿಡ್ರಿ ಅಂದ.

ಅಲ್ಲಿ ನಾ ಸಮಾಧಾನಲೆ ಮಾತಾಡಿದ್ದರ ಕೆಲಸ ಆಗತಿತ್ತು ಏನೋ. ಗೊಬ್ಬರಾ ಮಾರೂದ ಬಿಟ್ಟ ನಿನಗೇನ ಗೊತ್ತೈತಿ ಅಂದೆ. ಗಿರಾಕಿ ಮುಂದ ಅಂದೆ. ಅಂವ ಅಂಗಡಿ ಮೆಟ್ಟಲ ಇಳೀರಿ ಸರ್ ಅಂದ. ಬಾಯಿಬಿಟ್ಟರ ಬಣ್ಣಗೇಡು ಅಂತಾರಲ್ಲ, ನಂದು ಹಂಗ ಆತು. ಮರುದಿನ ಸಾತವ್ವಗ ಹೇಳಿದರ ಅಕಿ ಬೈಲಿಲ್ಲ. ಹುಡುಗಗ ಗ್ರೌಂಡಿಗೆ ಬಿಡಬ್ಯಾಡ್ರಿ, ಕುಂದರಿಸೇ ಇಡ್ರಿ ಅಂತಷ್ಟ ಅಂದ್ಳು.

ಎಂಟ ದಿನ ಹೋದವು. ಕುಂಟೂದ ಇನ್ನೂ ಜಾಸ್ತಿ ಆತು. ಆಗ ಕಾಶಿನಾಥನ ಆಯಿ ಪಾರವ್ವ ಎದ್ದ್ಳು. ಊರಾಗ ಒಂದ ನಂಬಿಕಿ ಐತಿ, ಕುಂಟರ ಅಣಕ ಮಾಡಿದರ ಆ ಕುಂಟ ತನಗ ಬರತೈತಿ ಅಂತ. ನೋವು ಮೊದಲಿಂದ ಇದ್ದರೂ, ಸಾತವ್ವನ ಅಣಕ ಮಾಡಿದ್ದಕ್ಕ ಅಕಿ ಮನಸ ನೊಂದು ಮೊಮ್ಮಗನ ಕಾಲಿಗೆ ಶಾಪ ತಟ್ಟೇತಿ ಅಂತ ಮುದುಕಿ ಮನಸಿನ್ಯಾಗ ಕುಂತ ಬಿಟ್ಟಿತ್ತು. ಒಂದ ಸೋಮವಾರ ಮಧ್ಯಾಹ್ನ ಕಾಯಿ, ಕುಬಸದ ಕಣ, ಎಲಿ ಅಡಕಿ ಬುಟ್ಟ್ಯಾಗ ಇಟ್ಟಕೊಂಡು, ಮೊಮ್ಮಗನ ಕೈ ಹಿಡಕೊಂಡು ಅಡಗಿ ಕ್ವಾಣಿಗೆ ಬಂದ್ಳು. ಮಗಾ ರಾವಸಾಹೇಬನೂ ಹಿಂದ ಬಂದಿದ್ದ, ತಾಯಿ ಮಾತ ಮೀರಾವಲ್ಲ. ಸಾತವ್ವ ನೀರಿನ ತಂಬಿಗಿ ಮುಂದಿಟ್ಟ್ಳು. ಪಾರವ್ವ ಅದನ್ನ ಮುಟ್ಟಲಿಲ್ಲ. ಮಾಫಿ ಕೇಳಾಕ ಬಂದಾಕಿ, ಖರೆ ಅಕಿ ಕೈ ನೀರ ಕುಡಿಯಾಕ ಬಂದಾಕಿ ಅಲ್ಲ. ಅದ್ಯಾಕ ಅಂತ ಅಲ್ಲಿ ಇದ್ದ ಎಲ್ಲಾರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ಹುಡುಗ ತಿಳೀಲಾರದ ಮಾಡ್ಯಾನ, ಹೊಟ್ಟ್ಯಾಗ ಹಾಕ್ಕೋ, ನಿನ್ನ ಶಾಪ ಹಿಂದಕ್ಕ ತಗೋ ಅಂತ ಮುದುಕಿ ಸೆರಗ ಒಡ್ಡಿದ್ಳು. ಬಾಗಲದಾಗ ನಿಂತಿದ್ದ ನಾನು, ಶಾಪ ಗೀಪ ಅಂತ ಏನ ಹಚ್ಚೀರಿ ಅಂತ ಒದರಾಕ ಬಾಯಿ ತಗದಿದ್ದೆ. ಸಾತವ್ವ ನನ್ನ ಕಡೆ ಒಮ್ಮೆ ನೋಡಿದ್ಳು, ಅಷ್ಟ. ಬಾಯಿ ಮುಚ್ಚಿದೆ.

ಅಕಿ ಒಲಿ ಮ್ಯಾಲಿನ ಬ್ಯಾಳಿ ಕದಡಿ, ಸೌಟ ಕೆಳಗಿಟ್ಟು, ಪಾರವ್ವನ ಮುಂದ ಬಂದ ನಿಂತ್ಳು.

"ಹೌದ್ರಿ ಅಮ್ಮಾರ, ನೊಂದಿತ್ತು. ಶಾಪ ಇಳಿಬೇಕಂದ್ರ ನಾ ಹೇಳಿದಂಗ ನಡೀಬೇಕು. ಇವತ್ತಿಂದ ಹುಡುಗನ್ನ ಎತ್ತಿಕೊಂಡ ಅಡ್ಡಾಡಿಸ್ರಿ, ಓಡಾಕ ಜಿಗ್ಯಾಕ ಬಿಡಬ್ಯಾಡ್ರಿ. ಆ ಕಾಲಿಗೆ ಎಣ್ಣಿ ತಿಕ್ಕಾಕ, ಜಗ್ಗಾಕ ಯಾರಿಗೂ ಕೊಡಬ್ಯಾಡ್ರಿ. ಗುರುವಾರದೊಳಗ ಗೋಕಾಕಕ್ಕ ಎಲುಬಿನ ಡಾಕ್ಟರಕಡೆ ಒಯ್ದು ಎರಡೂ ಸೊಂಟದ್ದು ಫೋಟೋ ತಗಸ್ರಿ. ಮೊಣಕಾಲಿಂದಲ್ಲ, ಸೊಂಟದ್ದು. ಆ ಫೋಟೋ ನಾ ಕಣ್ಣಲೆ ನೋಡಬೇಕು. ನೋಡೋತನಕಾ ಇಳ್ಯಂಗಿಲ್ಲ."

ಪಾರವ್ವ ಒಂದ ಮಾತಿಗೂ ಎದುರಾಡಲಿಲ್ಲ. ನೀನೂ ಜೋಡಿ ಬರಬೇಕು, ಅಲ್ಲೇ ಇಳಿಸಬೇಕು ಅಂದ್ಳು. ರಾವಸಾಹೇಬ ಏನೋ ಗೊಣಗಿದ. ಮುದುಕಿ ಅವನ ಕಡೆ ತಿರುಗಿ, ಗಾಡಿ ಹೇಳು ಅಂದ್ಳು. ನಾ ಹೇಳಿದಾಗ ಮೆಟ್ಟಲ ಇಳಿಸಿದ ಮನಶ್ಯಾ, ಶಾಪ ಅಂದ ಕೂಡಲೇ ಎರಡ ನಿಮಿಷದಾಗ ಗಾಡಿ ಹೇಳಿದ.

ಅವರು ಹೋದ ಮ್ಯಾಲ ನಾ ಸಾತವ್ವನ ಮ್ಯಾಲ ಹಾರಿಬಿದ್ದೆ. ಏನ ಮಾಡಿದಿ, ನಿನ್ನ ಹೆಸರ ನೀನ ಕೆಡಿಸಿಕೊಂಡಿ, ನಾಳೆ ಊರೆಲ್ಲಾ ನಿನ್ನ ಶಾಪಾ ಹಾಕಾಕಿ ಅಂತೈತಿ ಅಂದೆ. ಅಂದರ ಅನ್ನಲಿ ಬಿಡ್ರಿ, ಹೆಂಗೂ ಕುಂಟಿ ಅಂತಾರ, ಮೊದಲ ಫೋಟೋ ಆಗಲಿ ಅಂದ್ಳು. ಮತ್ತ ಸೌಟ ಹಿಡಕೊಂಡ್ಳು.

ನಾ ಹೇಳಿದಂಗ ಆತು. ಬುಧವಾರದೊಳಗ ಸುದ್ದಿ ಊರ ಸುತ್ತಿ ಬಂತು. ಹದಿನೆಂಟ ಹುಡುಗೂರು ಮನಿಂದ ಡಬ್ಬಿ ತಂದರು, ಸಾತವ್ವ ಬಡಿಸಿದ್ದು ಉಣಬ್ಯಾಡ ಅಂತ ಅವರ ತಾಯಂದಿರು ಹೇಳಿ ಕಳಿಸಿದ್ದರು. ಇಬ್ಬರು ಬಂದು ಹೆಡ್‌ಮಾಸ್ತರ ಮುಂದ, ಅಕಿನ ತಗದು ಬ್ಯಾರೆ ಯಾರನ್ನರ ಇಟ್ಟಕೋರಿ ಅಂದರು. ಅಕಿ ಸಂಸಾರ ನಡಿಯೂದು ಆ ಕೆಲಸದ ಮ್ಯಾಲ, ಅದು ನನಗ ಗೊತ್ತಿತ್ತು. ಅಕಿಗೂ ಸೋಮವಾರ ಬಾಯಿ ತಗಿಯೂದಕ್ಕ ಮೊದಲ ಗೊತ್ತಿತ್ತು. ಉಳದ ಅನ್ನ ದೊಡ್ಡ ಭಾಂಡೆದಾಗ ನೋಡಿ ಅಕಿ ಕಣ್ಣು ತುಂಬಿದ್ದು ನಾ ನೋಡಿದೆ, ಆದರ ಖರೆ ಏನಂತ ಹೇಳಾಕ ಯಾರ ಕಡೆನೂ ಅಕಿ ಹೋಗಲಿಲ್ಲ. ಹೇಳಿಬಿಟ್ಟರ ಗುರುವಾರದ ಗಾಡಿ ನಿಂತ ಹೋಗತಿತ್ತು. ಇಷ್ಟ ಗಟ್ಟಿ ಜೀವಾನ ನಾ ನನ್ನ ಜನ್ಮದಾಗ ನೋಡಿರಲಿಲ್ಲ.

ಗುರುವಾರ ಗೋಕಾಕಕ್ಕ ಹೋದಿವಿ. ನಾನೂ ಸೂಟಿ ಹಾಕಿ ಹತ್ತಿದೆ. ಪಾರವ್ವ, ರಾವಸಾಹೇಬ, ಹುಡುಗನ ತಾಯಿ ಭಾಗ್ಯಾ ಮುಂದ, ಹಿಂದಿನ ಸೀಟಿನ್ಯಾಗ ನಾನು, ಸಾತವ್ವ. ಅಕಿ ತೊಡಿ ಮ್ಯಾಲ ಹಳೇ ಸೀರಿ ತುಂಡಿನ್ಯಾಗ ಸುತ್ತಿದ ತನ್ನ ಫೋಟೋ ಇತ್ತು. ಡಾಕ್ಟರ ನೇತ್ರಾ ಅಂತ, ಸಾತವ್ವನ್ನ ಹತ್ತ ವರ್ಷದ ಹಿಂದ ನೋಡಿದ್ದೂ ಅವರ. ಸಾತವ್ವನ್ನ ನೋಡಿ ಗುರುತ ಹಿಡದು, ನಿನ್ನ ಕಾಲ ಹೆಂಗೈತಿ ಅಂದರು. ನಂದ ಬಿಡ್ರಿ ಬಾಯಾರ, ಇವಂದ ನೋಡ್ರಿ ಅಂದ್ಳು.

ಡಾಕ್ಟರು ಮೊಣಕಾಲ ಮುಟ್ಟಿ ನೋಡಿ ಬಿಟ್ಟರು, ಅಲ್ಲಿ ಏನಿಲ್ಲ. ಜ್ವರ ಬಂದಿತ್ತೇನು, ಬಿದ್ದಿದ್ದನೇನು, ಯಾವಾಗಿಂದ ಅಂತ ಕೇಳಿದರು. ಜ್ವರ ಜೋಡಿ ಹೆಜ್ಜಿ ಊರಾಕ ಆಗದಂಗ ಆದರ ಅವತ್ತ ಆ ತಾಸ ಓಡಿ ಬರಬೇಕು, ಕೀಲಿನ್ಯಾಗ ಕೀವ ಆಗಿರಬಹುದು ಅಂತ ಭಾಗ್ಯಾಗ ಹೇಳಿದರು. ಇವಗ ಹಂಗ ಏನಿರಲಿಲ್ಲ. ಆಮ್ಯಾಲ ಹುಡುಗನ್ನ ಅಂಗಾತ ಮಲಗಿಸಿ, ಎರಡೂ ಮೊಣಕಾಲ ಮಡಚಿ, ಒಂದೊಂದ ಕಾಲ ಹೊರಗ ಅಗಲಿಸಿದರು, ತೊಡಿ ಒಳಗ ತಿರುವಿದರು. ಬಲಗಾಲ ಆರಾಮ ಹೋತು. ಎಡಗಾಲ ಅರ್ಧಕ್ಕ ನಿಂತಿತು, ಹುಡುಗ ಹಲ್ಲ ಕಚ್ಚಿದ. ಟೇಪ ಹಿಡದು ಅಳತಿ ಮಾಡಿದರ ಎಡ ತೊಡಿ ಬಲಗಡೆಂದಕ್ಕಿಂತ ಸಣ್ಣ ಆಗಿತ್ತು. ರಕ್ತ ತಗಸಿ, ಎರಡೂ ಸೊಂಟ ಕೂಡಿ ಬರೂಹಂಗ ಫೋಟೋಕ್ಕ ಕಳಿಸಿದರು, ಒಂದ ನೆಟ್ಟಗ, ಒಂದ ಕಪ್ಪಿ ಕುಂತಂಗ ಕಾಲ ಅಗಲಿಸಿ.

ಫೋಟೋ ಬೆಳಕಿನ ಹಲಗಿಗೆ ಸಿಗಿಸಿ ತೋರಿಸಿದರು. ಬಲಗಡೆ ತೊಡಿ ಎಲುಬಿನ ತುದೀಗಿನ ಗುಂಡು ದುಂಡಗ ಇತ್ತು. ಎಡಗಡೆಂದು ಸ್ವಲ್ಪ ಸಣ್ಣ, ಬೆಳ್ಳಗ, ಮ್ಯಾಲ ತುಸು ತಗ್ಗ ಬಿದ್ದಂಗ. ಈ ಗುಂಡಿನೊಳಗ ರಕ್ತ ಹರಿಯೂದು ಕಮ್ಮಿ ಆಗಿ ಎಲುಬು ಮೆತ್ತಗ ಆಕ್ಕೈತಿ, ಇದಕ್ಕ ಪರ್ಥಿಸ್ ಅಂತಾರ, ಯಾಕ ಆಕ್ಕೈತಿ ಅಂತ ನಮಗೂ ಪೂರಾ ಗೊತ್ತಿಲ್ಲ, ಯಾರ ತಪ್ಪೂ ಅಲ್ಲ ಅಂದರು. ಸೊಂಟದ ನೋವು ಹುಡುಗೂರಿಗೆ ಮೊಣಕಾಲಾಗ ಕಾಣತೈತಿ, ಅದಕ್ಕ ಮಕ್ಕಳು ಮೊಣಕಾಲ ಅಂದರ ಸೊಂಟಾ ನೋಡಬೇಕು ಅಂದರು. ರಾವಸಾಹೇಬ ತಲಿ ತಗ್ಗಿಸಿದ.

ಮುಂದಿಂದು ಬೆಲ್ಲದ ಲೆಕ್ಕದಾಗ ತಿಳಿಸಿದರು. ಬಿಸಿ ಬೆಲ್ಲ ಅಚ್ಚಿನ್ಯಾಗ ಇದ್ದರ ಆರಿದ ಮ್ಯಾಲ ಅಚ್ಚಿನ ಆಕಾರ ಬರತೈತಿ, ಹೊರಗ ಜಾರಿದರ ಚಪ್ಪಟಿ ಆಕ್ಕೈತಿ. ಈ ಗುಂಡು ಎರಡ ಮೂರ ವರ್ಷದಾಗ ತಾನ ಮತ್ತ ಗಟ್ಟಿ ಆಕ್ಕೈತಿ, ಅಲ್ಲಿತನಕಾ ಅದು ಕೀಲಿನ ಬಟ್ಟಲಿನಾಗ ಇರಬೇಕು. ಸಣ್ಣ ಕೂಸಾಗಿದ್ದರ ಬರೇ ಕಾಯೂದು, ವ್ಯಾಯಾಮ ನಡೀತಿತ್ತು. ಎಂಟ ದಾಟಾಕತ್ತೇತಿ, ಸರಿ ಹೋಗಾಕ ಬೆಳಿಯೋ ವರ್ಷ ಕಡಿಮಿ ಉಳದಾವ. ಬೆಳಗಾವಿಗೆ ಮಕ್ಕಳ ಎಲುಬಿನ ಡಾಕ್ಟರಕಡೆ ಕಳಿಸ್ತೀನಿ, ಬಹುಶಃ ಆಪರೇಷನ್ ಮಾಡಿ ಗುಂಡನ್ನ ಬಟ್ಟಲಕ್ಕ ಕೂಡಿಸ್ತಾರ. ಚಪ್ಪಟಿ ಆಗೂದಕ್ಕ ಮೊದಲ ಬಂದೀರಿ, ಇನ್ನ ಆರ ತಿಂಗಳ ಬಿಟ್ಟ ಬಂದಿದ್ದರ ನನ್ನ ಮಾತು ಬ್ಯಾರೆ ಇರತಿತ್ತು ಅಂದರು.

ಆ ಬ್ಯಾರೆ ಮಾತು ಏನು ಅಂತ ಭಾಗ್ಯಾ ಕೇಳಿದ್ಳು. ಡಾಕ್ಟರು ಹೇಳಲಿಲ್ಲ. ಸಾತವ್ವ ಸೀರಿ ತುಂಡ ಬಿಚ್ಚಿ ತನ್ನ ಫೋಟೋ ಕೊಟ್ಟ್ಳು. ಬಾಜೂಕ ಸಿಗಿಸಿದರು. ಅದರಾಗ ಗುಂಡು ಅನ್ನೂದ ಇರಲಿಲ್ಲ. ಅಣಬಿ ತಲಿಯಂಗ ಅಗಲ ಆಗಿ, ಬಟ್ಟಲಿಂದ ಅರ್ಧ ಹೊರಗ ಬಂದು, ಅಂಚ ಸವದಿತ್ತು.

ಪಾರವ್ವ ಎದ್ದು ಹಲಗಿ ಹಂತ್ಯಾಕ ಹೋದ್ಳು. ಮೊಮ್ಮಗಂದ ನೋಡಿದ್ಳು, ಸಾತವ್ವಂದ ನೋಡಿದ್ಳು. ಎರಡೂ ಒಂದ ಬ್ಯಾನಿ ಅಂತ ಡಾಕ್ಟರು ಹೇಳಿದ್ದು ಮುದುಕಿ ತಲ್ಯಾಗ ನಿಧಾನ ಇಳೀತು. ಸಾತವ್ವನ ಕಡೆ ತಿರುಗಿದ್ಳು.

"ನೀ ಸಣ್ಣಾಕಿ ಇದ್ದಾಗ ಯಾರ ಅಣಕ ಮಾಡಿದ್ದೆವ್ವಾ?"

"ಯಾರದೂ ಮಾಡಿರಲಿಲ್ರಿ ಅಮ್ಮಾರ. ಯಾರೂ ನೋಡಲಿಲ್ಲ, ಅಷ್ಟ."

ಪಾರವ್ವ ಅಲ್ಲೇ ಕುರ್ಚಿ ಮ್ಯಾಲ ಕುಂತ್ಳು. ಆಗ ನಾ ಸುಮ್ಮನ ಇರಲಿಲ್ಲ, ಇರಬಾರದಾಗಿತ್ತು ಕೂಡ. ಶಾಪ ಅಂತ ಒಪ್ಪಿಕೊಂಡಿದ್ದು ಯಾಕ, ಹದಿನೆಂಟ ಡಬ್ಬಿ ಯಾಕ ಬಂದವು, ಕುಂಟ ಮುದುಕನ ಪಾತ್ರ ಯಾರ ಕೊಟ್ಟರು, ಸಾತವ್ವನ್ನ ನೋಡಿ ಕಲಿ ಅಂತ ಯಾರ ಹೇಳಿದರು, ಎಲ್ಲಾ ಹೇಳಿದೆ. ಹೇಳಕೋತ ನನಗ ಅಳು ಬಂತು. ಕಾಶಿನಾಥ ಟೇಬಲ್ ಮ್ಯಾಲ ಮಲಕೊಂಡ ನನ್ನನ್ನ ನೋಡಾಕತ್ತಿದ್ದ. ಖರೆ ನೋಯತಿತ್ತು ಅಂತ ಯಾಕ ಹೇಳಲಿಲ್ಲೋ ಅಂತ ಕೇಳಿದೆ. ನೀವು ಭಾಳ ಚಂದ ಮಾಡ್ತಿ ಅಂತಿದ್ರೆಲ್ರಿ ಸರ್ ಅಂದ. ಇದಕ್ಕಿಂತ ದೊಡ್ಡ ಹೊಡತ ನನಗ ಯಾರೂ ಕೊಟ್ಟಿಲ್ಲ.

ಮರುದಿನ ಶುಕ್ರವಾರ. ಮಧ್ಯಾಹ್ನ ಊಟದ ಗಂಟಿ ಹೊಡೀತು. ಡಬ್ಬಿ ಉಣ್ಣೂ ಹುಡುಗೂರು ಒಂದ ಕಡೆ ಕುಂತರು. ಅವರಿಗೆ ಡಬ್ಬಿ ಕೊಟ್ಟ ಹೋಗಾಕ ಬಂದ ತಾಯಂದಿರು ಗೇಟಿನ್ಯಾಗ ನಿಂತಿದ್ದರು. ಅವರ ನಡುವನ ದಾಟಿ ಪಾರವ್ವ ಒಳಗ ಬಂದ್ಳು. ಎಪ್ಪತ್ತೆರಡ ವರ್ಷದ ಮುದುಕಿ, ಕೊರಳಾಗ ಲಿಂಗ, ಕೈಯಾಗ ಮೊಮ್ಮಗನ ಆ ಸ್ಟೀಲಿನ ತಾಟು. ಪಂಕ್ತ್ಯಾಗ ಕಾಶಿನಾಥ ಕುಂದರತಿದ್ದ ಜಾಗ ಖಾಲಿ ಇತ್ತು. ಅಲ್ಲಿ ಕುಂತ್ಳು. ತಾಟ ಮುಂದಿಟ್ಟು, ಗೇಟಿನ್ಯಾಗ ನಿಂತವರಿಗೂ ಕೇಳಸೂಹಂಗ ಹೇಳಿದ್ಳು.

"ಸಾತವ್ವಾ, ಹುಡುಗನ ಪಾಲಿಂದು ಇವತ್ತ ನನಗ ಬಡಸವ್ವಾ. ಮೊದಲ ಒಂದ ತಂಬಿಗಿ ನೀರ ಕೊಡು."

ಸಾತವ್ವ ಸಾರು ಚೆಲ್ಲಿದ್ದು ಅವತ್ತ ಒಂದ ದಿನ ನಾ ನೋಡಿದ್ದು. ಪಾರವ್ವ ನೀರ ಕುಡದ್ಳು, ಉಂಡ್ಳು, ತಾಟ ತೊಳದ್ಳು, ಗೇಟಿನ್ಯಾಗಿನವರಿಗೆ ನಿಮ್ಮ ಹುಡುಗೂರ ಮೊಣಕಾಲನೂ ಅಕಿಗೆ ಒಮ್ಮೆ ತೋರಿಸ್ರಿ ಅಂತ ಹೇಳಿ ಹೋದ್ಳು. ಸೋಮವಾರ ಒಂದೂ ಡಬ್ಬಿ ಬರಲಿಲ್ಲ.

ಕಾಶಿನಾಥಗ ಬೆಳಗಾವ್ಯಾಗ ಆಪರೇಷನ್ ಆತು. ಎಲುಬಿಗೆ ಸ್ಟೀಲಿನ ಪಟ್ಟಿ ಕೂಡಿಸಿದರು, ಆರ ವಾರ ಪ್ಲಾಸ್ಟರು, ಆಮ್ಯಾಲ ಊರುಗೋಲು, ವ್ಯಾಯಾಮ. ನಾ ಸಂಜಿ ಸಂಜಿಕ ಅವರ ಮನಿಗೆ ಹೋಗಿ ಪಾಠಾ ಹೇಳಿದೆ. ರಾವಸಾಹೇಬ ಚಾ ಕೊಟ್ಟ, ನಾ ಕುಡದೆ, ಇಬ್ಬರೂ ಅಂಗಡಿ ಜಗಳದ ಸುದ್ದಿ ತಗೀಲಿಲ್ಲ. ಮೂರ ತಿಂಗಳಿಗೊಮ್ಮೆ ಫೋಟೋ ತಗಸ್ತಾರ. ಗುಂಡು ದುಂಡಗ ಕೂಡಾಕತ್ತೇತಿ, ಆದರ ಬೆಳದ ಮುಗಿಯೋತನಕಾ ನೋಡಕೋತ ಇರಬೇಕು, ಪೂರಾ ಗೆದ್ದಿವಿ ಅಂತ ಈಗ ಹೇಳಾಕ ಬರಂಗಿಲ್ಲ ಅಂತ ಡಾಕ್ಟರು ಖರೆ ಹೇಳ್ಯಾರ. ನಾ ಈಗ ಮುಂಜಾನೆ ಪ್ರಾರ್ಥನಾ ಆದ ಮ್ಯಾಲ ಹುಡುಗೂರು ಕ್ಲಾಸಿಗೆ ಹೋಗೂದನ್ನ ಹಿಂದ ನಿಂತ ನೋಡ್ತೀನಿ. ಯಾರ ಹೆಜ್ಜಿ ಯಾವ ಕಡೆ ವಾಲತೈತಿ ಅಂತ ನೋಡಾಕ ಕಲಿಸಿದಾಕಿ ಸಾತವ್ವ. ಹೋದ ವರ್ಷ ಒಂದ ಹೆಣ್ಣಹುಡುಗಿನ ಹಂಗ ಹಿಡದು ಕಳಿಸಿದಿವಿ, ಪುಣ್ಯಾಕ ಸಣ್ಣ ಬಾವು ಅಷ್ಟ ಆಗಿತ್ತು, ವಾರದಾಗ ಆರಾಮಾತು.

ಒಂದೂವರಿ ವರ್ಷದ ಮ್ಯಾಲ, ಪಟ್ಟಿ ತಗದು ಗಾಯ ಮಾದ ನಂತರ, ಕಾಶಿನಾಥ ಮತ್ತ ಪಂಕ್ತ್ಯಾಗ ಕುಂತ. ಅದ ತಾಟ ತಂದಿದ್ದ. ನಡುವಿನ "ಉತ್ತಮ ನಟ" ಅನ್ನೂ ಅಕ್ಷರ ಓದಾಕ ನನ್ನ ಕೈಲೆ ಆಗಲಿಲ್ಲ, ಬ್ಯಾರೆ ಕಡೆ ನೋಡಿದೆ. ಸಾತವ್ವ ವಾಲಕೋತ ಬಂದ್ಳು. ಮೊದಲ ತಾಟ ನೋಡಲಿಲ್ಲ, ಮೊಣಕಾಲ ನೋಡಿದ್ಳು. ಎಡಗಡೆಂದು ನೆಲದಿಂದ ಎರಡ ಬೆರಳ ಮ್ಯಾಲ ಇತ್ತು. ಎರಡ ಬೆರಳ ಉಳೀತು ನೋಡ್ರಿ ಸರ್ ಅಂತ ನನಗ ಹೇಳಿ, ಆ ಅಕ್ಷರದ ಮ್ಯಾಲ ಒಂದ ಸೌಟ ಅನ್ನ ಹಾಕಿದ್ಳು. ಅಕ್ಷರ ಪೂರಾ ಮುಚ್ಚಿ ಹೋದವು. ಆಮ್ಯಾಲ ಬಾಜೂಕಿನ ಹುಡುಗನ ಮೊಣಕಾಲ ನೋಡಿ, ಅವಗ ಬಡಸಾಕ ಹತ್ತಿದ್ಳು.